ಹಣ ಪಡೆಯುವ ಕೈ ಬೇರೆ, ಹಣದ ಒಡೆಯ ಬೇರೆ

ಚೆನ್ನೈನ ಹಳೇ ಮಹಾಬಲಿಪುರಂ ರಸ್ತೆಯ ಯಾವುದೇ ಕಂಪನಿಗೆ ಸೇರಿದರೂ ಮೊದಲ ದಿನ ಹೊಸಬರ ಮುಂದೆ ಒಂದು ಕಂತೆ ಫಾರ್ಮ್ ಬಂದು ಬೀಳುತ್ತದೆ. ಅದರಲ್ಲಿ ‘ನಾಮಿನಿ’ ಎಂಬ ಕಾಲಂ ನಾಲ್ಕೈದು ಕಡೆ ಇರುತ್ತದೆ. ಮದುವೆಯಾಗದ ಹುಡುಗ ಅಥವಾ ಹುಡುಗಿ ಎಲ್ಲ ಕಡೆಯೂ ಅಮ್ಮನ ಹೆಸರು ಬರೆದು, ಸಂಬಂಧ ‘ತಾಯಿ’, ಪಾಲು ಶೇ 100 ಎಂದು ತುಂಬಿ ಸಹಿ ಹಾಕಿ ಕೊಡುತ್ತಾರೆ. ಆಮೇಲೆ ಆ ಕಾಲಂ ಮನಸ್ಸಿನಿಂದ ಮರೆಯಾಗುತ್ತದೆ. ಮದುವೆ, ಮಕ್ಕಳು, ಮನೆ ಸಾಲ ಎಲ್ಲ ಬಂದರೂ ಕಡತದಲ್ಲಿ ಆ ಹಳೆಯ ಹೆಸರು ಹಾಗೆಯೇ ಉಳಿದಿರುತ್ತದೆ.

ಚೆನ್ನೈನಲ್ಲಿ ನೌಕರರ ಸಂಬಳ ಮತ್ತು ಸೌಲಭ್ಯಗಳ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಮೇಜಿಗೆ ಈ ಹೆಸರು ಮತ್ತೆ ಬರುವುದು ನೌಕರ ತೀರಿಕೊಂಡಾಗ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ತಾಯಿ ನಿಂತಿರುತ್ತಾರೆ. ‘ನಾಮಿನಿ ನಾನು, ಹಣ ನನ್ನದು’ ಎಂದು ಒಬ್ಬರು. ‘ಹೆಂಡತಿ ನಾನು, ಹಣ ನನ್ನದು’ ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಮಾತ್ರ ಇರುತ್ತದೆ. ಮಿಕ್ಕರ್ಧ ಗೊತ್ತಿಲ್ಲದ ಕಾರಣಕ್ಕೇ ಅತ್ತೆ–ಸೊಸೆ ಕೋರ್ಟ್ ಮೆಟ್ಟಿಲೇರುತ್ತಾರೆ.

ನಾಮಿನಿ ಎಂದರೆ ಯಾರು?

ಖಾತೆದಾರ ಸತ್ತ ಮೇಲೆ ಬ್ಯಾಂಕ್ ಅಥವಾ ಭವಿಷ್ಯನಿಧಿ ಕಚೇರಿ ಯಾರ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದೋ ಅವರೇ ನಾಮಿನಿ. ಆ ಹಣ ಕೊನೆಗೆ ಯಾರಿಗೆ ಸೇರಬೇಕು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ಉಯಿಲು. ಉಯಿಲು ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನು.

ಈ ಮಾತನ್ನು ಸುಪ್ರೀಂ ಕೋರ್ಟ್ ಜೀವ ವಿಮೆಯ ವಿಷಯದಲ್ಲಿ ಸರಬತಿ ದೇವಿ ಪ್ರಕರಣದಲ್ಲಿ ಹೇಳಿ ನಾಲ್ಕು ದಶಕ ಕಳೆದಿದೆ. ರಾಷ್ಟ್ರೀಯ ಉಳಿತಾಯ ಪತ್ರಗಳ ಬಗ್ಗೆ 2000ದಲ್ಲಿ ಅದನ್ನೇ ಹೇಳಿತು. ನಿವೃತ್ತಿ ಹಣಕ್ಕೆ ನೇರವಾಗಿ ಸಂಬಂಧಿಸಿದ್ದು 2009ರ ಶಿಪ್ರಾ ಸೇನ್‌ಗುಪ್ತ ಪ್ರಕರಣ. ಬ್ಯಾಂಕ್ ನೌಕರರೊಬ್ಬರು ಮದುವೆಗೆ ಮೊದಲೇ ತಾಯಿಯನ್ನು ನಾಮಿನಿ ಮಾಡಿದ್ದರು, ಮದುವೆಯಾದ ಮೇಲೆ ಅದನ್ನು ಬದಲಿಸಿರಲಿಲ್ಲ. ಅವರು ತೀರಿಕೊಂಡದ್ದು 1990ರಲ್ಲಿ. ತಾಯಿಗೆ ಅರ್ಧ, ಹೆಂಡತಿಗೆ ಅರ್ಧ ಎಂದು ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದ್ದು 2009ರಲ್ಲಿ. ಒಂದು ಹೆಸರು ಬದಲಿಸದ ಕಾರಣಕ್ಕೆ ಸುಮಾರು 19 ವರ್ಷ ಹೋಯಿತು.

ನಮ್ಮ ನಾಡಿನದೂ ಒಂದು ಪ್ರಕರಣವಿದೆ. ಮದುವೆಗೆ ಮೊದಲು ವಿಮೆ ಮಾಡಿಸಿ ತಾಯಿಯನ್ನು ನಾಮಿನಿ ಮಾಡಿದ್ದ ಒಬ್ಬರು, ಹೆಂಡತಿ ಮತ್ತು ಮಗುವನ್ನು ಬಿಟ್ಟು 2019ರಲ್ಲಿ ತೀರಿಕೊಂಡರು. ತಂದೆ–ತಾಯಿ, ಸಂಗಾತಿ, ಮಕ್ಕಳು ನಾಮಿನಿಯಾದರೆ ಅವರಿಗೆ ವಿಶೇಷ ಹಕ್ಕುಂಟು ಎಂದು ವಿಮಾ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಆಗಿತ್ತು. ಹಾಗಿದ್ದರೂ ಕರ್ನಾಟಕ ಹೈಕೋರ್ಟ್ 2025ರಲ್ಲಿ, ಉತ್ತರಾಧಿಕಾರ ಕಾನೂನನ್ನು ಈ ತಿದ್ದುಪಡಿ ಮೀರುವುದಿಲ್ಲ ಎಂದು ಹೇಳಿ ತಾಯಿ, ಹೆಂಡತಿ, ಮಗು ಮೂವರಿಗೂ ಮೂರನೇ ಒಂದೊಂದು ಪಾಲು ಕೊಟ್ಟಿತು.

ಇಷ್ಟು ತಿಳಿದರೆ ‘ನಾಮಿನಿ ಬರೀ ಟ್ರಸ್ಟಿ’ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನಿವೃತ್ತಿ ಖಾತೆಗಳಲ್ಲಿ ಇನ್ನೊಂದು ತೊಡಕಿದೆ. ಪ್ರತಿ ಖಾತೆಗೂ ಅದರದೇ ನಿಯಮ. ಒಂದೇ ದಿನ, ಒಂದೇ ಪೆನ್ನಿನಲ್ಲಿ ಬರೆದ ಅಮ್ಮನ ಹೆಸರು ಒಂದು ಖಾತೆಯಲ್ಲಿ ಊರ್ಜಿತವಾಗಿರುತ್ತದೆ, ಇನ್ನೊಂದರಲ್ಲಿ ರದ್ದಾಗಿರುತ್ತದೆ.

ಒಂದು ಮನೆಯ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಹಾಸನ ಜಿಲ್ಲೆಯ ಎಂಜಿನಿಯರ್ ಒಬ್ಬರು 2012ರಲ್ಲಿ ಚೆನ್ನೈನ ಕಂಪನಿಯೊಂದಕ್ಕೆ ಸೇರಿದರು. ಆಗ ಅವಿವಾಹಿತರು, ಎಲ್ಲ ಕಡೆ ತಾಯಿಯ ಹೆಸರು ಬರೆದರು. 2014ರಲ್ಲಿ ಮದುವೆಯಾಯಿತು. ಒಬ್ಬ ಮಗಳು, ಒಬ್ಬ ಮಗ. ಊರಿನಲ್ಲಿ ತಂದೆ–ತಾಯಿ ಇಬ್ಬರೂ ಇದ್ದಾರೆ. ಎರಡು ಎಕರೆ ತೋಟವಿದೆ, ಮಗ ಪ್ರತಿ ತಿಂಗಳೂ ಹಣ ಕಳಿಸುತ್ತಿದ್ದ. 2024ರಲ್ಲಿ ಎಂಜಿನಿಯರ್ ಉಯಿಲು ಬರೆಯದೆ ತೀರಿಕೊಂಡರು. ಮಕ್ಕಳಿಬ್ಬರೂ ಅಪ್ರಾಪ್ತರು. ಇಪಿಎಫ್‌ನಲ್ಲಿ 36 ಲಕ್ಷ, ಪಿಪಿಎಫ್‌ನಲ್ಲಿ 12 ಲಕ್ಷ, ಗ್ರಾಚ್ಯುಟಿ 6 ಲಕ್ಷ ರೂಪಾಯಿ ಇದೆ ಎನ್ನಿ. (2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಆದ್ದರಿಂದ ಅದಕ್ಕೂ ಹಿಂದಿನ ಸಾವನ್ನೇ ಲೆಕ್ಕಕ್ಕೆ ಹಿಡಿದಿದ್ದೇನೆ.)

ಮೊದಲು ಇಪಿಎಫ್. 1952ರ ಭವಿಷ್ಯನಿಧಿ ಯೋಜನೆಯ 61ನೇ ಪ್ಯಾರಾ ಹೇಳುವುದು ಇಷ್ಟು: ಮದುವೆಯಾದ ಮೇಲೆ ಸದಸ್ಯ ಹೊಸದಾಗಿ ನಾಮಿನೇಷನ್ ಮಾಡಬೇಕು, ಮದುವೆಗೆ ಮೊದಲು ಮಾಡಿದ್ದು ಅಸಿಂಧು. ಯಾರೂ ಅರ್ಜಿ ಕೊಡಬೇಕಿಲ್ಲ, ಯಾರೂ ರದ್ದು ಮಾಡಬೇಕಿಲ್ಲ. ಕಡತದಲ್ಲಿ ತಾಯಿಯ ಹೆಸರು ಎದ್ದು ಕಾಣುತ್ತಿದ್ದರೂ ಕಾನೂನಿನ ಕಣ್ಣಿಗೆ ಅಲ್ಲಿ ನಾಮಿನಿಯೇ ಇಲ್ಲ. ತಾಯಿ ಆ ಕಾಗದ ಹಿಡಿದು ರಾಯಪೇಟ್ಟೈಯ ಭವಿಷ್ಯನಿಧಿ ಕಚೇರಿಗೆ ಹೋದರೂ ಆ ಕಾಗದದ ಮೇಲೆ ಹಣ ಸಿಗಬಾರದು.

ನಾಮಿನಿ ಇಲ್ಲದಿದ್ದರೆ ಏನು ಎಂಬುದನ್ನು 70ನೇ ಪ್ಯಾರಾ ಹೇಳುತ್ತದೆ: ‘ಕುಟುಂಬ’ದವರಿಗೆ ಸಮಪಾಲು. ಪುರುಷ ಸದಸ್ಯನ ಕುಟುಂಬ ಎಂದರೆ ಹೆಂಡತಿ, ಮಕ್ಕಳು, ಅವಲಂಬಿತ ತಂದೆ–ತಾಯಿ, ತೀರಿಹೋದ ಮಗನ ಹೆಂಡತಿ ಮತ್ತು ಮಕ್ಕಳು. ಆದರೆ ಹಂಚುವಾಗ ಪ್ರಾಪ್ತ ವಯಸ್ಸಿನ ಗಂಡುಮಕ್ಕಳಿಗೆ ಪಾಲಿಲ್ಲ. ಗಂಡ ಬದುಕಿರುವ ವಿವಾಹಿತ ಹೆಣ್ಣುಮಕ್ಕಳಿಗೂ ಇಲ್ಲ.

ಹಿಂದೂ ಉತ್ತರಾಧಿಕಾರ ಕಾಯಿದೆಯ ಪಟ್ಟಿ ಹೀಗಿಲ್ಲ. ಅಲ್ಲಿ ಹೆಂಡತಿ, ಮಗ, ಮಗಳು, ತಾಯಿ ಮೊದಲ ವರ್ಗದ ವಾರಸುದಾರರು. ವಯಸ್ಸು, ಮದುವೆ, ಅವಲಂಬನೆ ಯಾವುದನ್ನೂ ಕೇಳುವುದಿಲ್ಲ. ತಂದೆ ಮಾತ್ರ ಎರಡನೇ ವರ್ಗಕ್ಕೆ ಸೇರುತ್ತಾರೆ. ಮೊದಲ ವರ್ಗದವರು ಒಬ್ಬರಿದ್ದರೂ ಅವರಿಗೆ ಏನೂ ಇಲ್ಲ.

ಈಗ 36 ಲಕ್ಷವನ್ನು ಹಂಚಿ ನೋಡಿ. ಸೊಸೆ ಹೇಳುತ್ತಾಳೆ: ಅತ್ತೆ–ಮಾವನಿಗೆ ತೋಟವಿದೆ, ಅವರು ಅವಲಂಬಿತರಲ್ಲ. ಆ ಮಾತು ನಿಂತರೆ ಮೂರು ಪಾಲು, ತಲೆಗೆ 12 ಲಕ್ಷ. ಅತ್ತೆ–ಮಾವ ಹೇಳುತ್ತಾರೆ: ತೋಟದಿಂದ ಏನೂ ಹುಟ್ಟುವುದಿಲ್ಲ, ಮಗ ಕಳಿಸಿದ ದುಡ್ಡಿನಲ್ಲೇ ಬದುಕಿದ್ದೆವು. ಆ ಮಾತು ನಿಂತರೆ ಐದು ಪಾಲು, ತಲೆಗೆ 7.20 ಲಕ್ಷ. ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹಂಚಿದರೆ ನಾಲ್ಕು ಪಾಲು, ತಲೆಗೆ 9 ಲಕ್ಷ, ತಂದೆಗೆ ಸೊನ್ನೆ. ಒಂದೇ ಮನೆ, ಒಂದೇ ಹಣ, ಮೂರು ಲೆಕ್ಕ. ಜಗಳ ನಿಲ್ಲುವುದು ‘ಅವಲಂಬಿತ’ ಎಂಬ ಒಂದೇ ಪದದ ಮೇಲೆ. ಅದನ್ನು ತೋರಿಸಲು ಊರಿನ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳು ಬಿದ್ದ ಹಣದ ದಾಖಲೆಯೇ ಮುಖ್ಯ ಸಾಕ್ಷಿಯಾಗುತ್ತದೆ.

ಎರಡನೆಯದು ಗ್ರಾಚ್ಯುಟಿ. ಇಲ್ಲಿ ನಿಯಮ ತುಸು ಬೇರೆ. 1972ರ ಗ್ರಾಚ್ಯುಟಿ ಕಾಯಿದೆಯ ಪ್ರಕಾರ, ನಾಮಿನೇಷನ್ ಮಾಡುವಾಗ ನೌಕರನಿಗೆ ಕುಟುಂಬವೇ ಇಲ್ಲದಿದ್ದು, ಆಮೇಲೆ ಕುಟುಂಬ ಆದರೆ ಹಳೆಯದು ರದ್ದಾಗುತ್ತದೆ. ಆದರೆ ಅವಲಂಬಿತ ತಾಯಿ ಆ ಕಾಯಿದೆಯ ‘ಕುಟುಂಬ’ದೊಳಗೇ ಬರುತ್ತಾಳೆ. ಅಂದರೆ 2012ರಲ್ಲಿ ತಾಯಿ ಮಗನ ಆಶ್ರಯದಲ್ಲಿದ್ದಿದ್ದರೆ, ಫಾರ್ಮ್ ಎಫ್‌ನಲ್ಲಿ ಬರೆದ ಆಕೆಯ ಹೆಸರು ಮದುವೆಯಿಂದ ಬಿದ್ದುಹೋಗುವುದಿಲ್ಲ. ಕಂಪನಿ 6 ಲಕ್ಷವನ್ನು ತಾಯಿಗೇ ಕೊಡುತ್ತದೆ. ಕೊಟ್ಟ ಮೇಲೆ ಕಂಪನಿಯ ಹೊಣೆ ಮುಗಿಯಿತು.

ಮೂರನೆಯದು ಪಿಪಿಎಫ್. ಇಲ್ಲಿ ಮದುವೆಯಿಂದ ನಾಮಿನೇಷನ್ ರದ್ದಾಗುವುದಿಲ್ಲ. ಬ್ಯಾಂಕ್ ಮರಣ ಪ್ರಮಾಣಪತ್ರ ನೋಡಿ 12 ಲಕ್ಷವನ್ನು ತಾಯಿಯ ಖಾತೆಗೆ ಹಾಕುತ್ತದೆ. ಗ್ರಾಚ್ಯುಟಿ, ಪಿಪಿಎಫ್ ಸೇರಿ ತಾಯಿಯ ಕೈಗೆ ಬಂದದ್ದು 18 ಲಕ್ಷ. ಉತ್ತರಾಧಿಕಾರದ ಪ್ರಕಾರ ಅದರಲ್ಲಿ ಆಕೆಯದು ನಾಲ್ಕನೇ ಒಂದು ಪಾಲು, 4.50 ಲಕ್ಷ. ಉಳಿದ 13.50 ಲಕ್ಷ ಸೊಸೆ ಮತ್ತು ಮೊಮ್ಮಕ್ಕಳದು. ‘ನನ್ನ ಹೆಸರಿಗೆ ಬಂದ ಹಣ’ ಎಂದು ಆಕೆ ಪ್ರಾಮಾಣಿಕವಾಗಿಯೇ ನಂಬಿರಬಹುದು. ಅಷ್ಟರಲ್ಲಿ ಊರಿನ ಸಾಲಕ್ಕೋ ಇನ್ನೊಬ್ಬ ಮಗನ ಮನೆಗೋ ಅದು ಕರಗಿರಬಹುದು. ಹಕ್ಕು ಇದ್ದೂ ವಸೂಲಿ ಕಷ್ಟವಾಗುವುದು ಇಲ್ಲೇ.

ನಾಲ್ಕನೆಯದು ಪಿಂಚಣಿ. ಇಪಿಎಫ್ ಜೊತೆಗೇ ಇರುವ 1995ರ ಪಿಂಚಣಿ ಯೋಜನೆಯಲ್ಲಿ ಹೆಂಡತಿ ಮತ್ತು ಮಕ್ಕಳಿದ್ದರೆ ನಾಮಿನಿಯ ಮಾತೇ ಬರುವುದಿಲ್ಲ. ವಿಧವಾ ಪಿಂಚಣಿ ಹೆಂಡತಿಗೆ. ಅದರ ಶೇ 25ರಷ್ಟು ಒಂದೊಂದು ಮಗುವಿಗೆ, ಏಕಕಾಲಕ್ಕೆ ಇಬ್ಬರವರೆಗೆ, 25 ವರ್ಷ ತುಂಬುವ ತನಕ. ಇದು ಆಸ್ತಿಯಲ್ಲ, ಯೋಜನೆ ಕೊಡುವ ಸೌಲಭ್ಯ. ಆದ್ದರಿಂದ ಇದನ್ನು ಉಯಿಲಿನಲ್ಲಿ ಬರೆದು ತಾಯಿಗೆ ಕೊಡಲೂ ಆಗದು.

ಎನ್‌ಪಿಎಸ್ ಖಾತೆ ಇದ್ದಿದ್ದರೆ ಅದೂ ಇಪಿಎಫ್ ದಾರಿಯನ್ನೇ ಹಿಡಿಯುತ್ತಿತ್ತು. ಅಲ್ಲಿಯೂ ಮದುವೆಗೆ ಮುಂಚಿನ ನಾಮಿನೇಷನ್ ಮದುವೆಯೊಂದಿಗೆ ಅಸಿಂಧು.

ಇದೇ ರೀತಿಯ ಒಂದು ಪ್ರಕರಣ 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ತೀರ್ಮಾನವಾಯಿತು. ರಕ್ಷಣಾ ಲೆಕ್ಕಪತ್ರ ಇಲಾಖೆಯ ನೌಕರರೊಬ್ಬರು ಮದುವೆಯಾದ ಮೇಲೆ ಬೇರೆ ಕೆಲವು ಸೌಲಭ್ಯಗಳಿಗೆ ಹೆಂಡತಿಯ ಹೆಸರು ಬರೆಸಿದ್ದರು. ಸಾಮಾನ್ಯ ಭವಿಷ್ಯನಿಧಿಯಲ್ಲಿ ಮಾತ್ರ ತಾಯಿಯ ಹೆಸರು ಉಳಿದಿತ್ತು. ಕುಟುಂಬ ಆದ ಮೇಲೆ ಈ ನಾಮಿನೇಷನ್ ಊರ್ಜಿತವಲ್ಲ ಎಂಬ ಷರತ್ತು ಆ ಫಾರ್ಮ್‌ನಲ್ಲೇ ಇತ್ತು. ಅವರು ತೀರಿಕೊಂಡದ್ದು 2021ರಲ್ಲಿ. ತಾಯಿಗೂ ಹೆಂಡತಿಗೂ ಸಮಪಾಲು ಎಂದು ಕೊನೆಯ ಮಾತು ಬರಲು ನಾಲ್ಕು ವರ್ಷ ಬೇಕಾಯಿತು.

ಎರಡು ರಾಜ್ಯ, ಎರಡು ಪಟ್ಟಿ

ಹೊರರಾಜ್ಯದಲ್ಲಿರುವ ನಮ್ಮಂಥವರಿಗೆ ಇನ್ನೊಂದು ಗಂಟು ಸೇರಿಕೊಳ್ಳುತ್ತದೆ. ನಾಮಿನಿ ಇಲ್ಲದಾಗ ಕಚೇರಿಗಳು ಕೇಳುವುದು ವಾರಸುದಾರರ ಪಟ್ಟಿ. ತಮಿಳುನಾಡಿನಲ್ಲಿ ಅದನ್ನು ‘ವಾರಿಸು ಸಾನ್ರಿದಳ್’ ಎನ್ನುತ್ತಾರೆ. ಇ–ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಿದರೆ ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರು ವಿಚಾರಣೆ ಮಾಡಿದ ಮೇಲೆ ತಹಶೀಲ್ದಾರ್ ಕೊಡುತ್ತಾರೆ. ನಮ್ಮಲ್ಲಿ ನಾಡಕಚೇರಿಯಿಂದ ವಂಶವೃಕ್ಷ ಪಡೆಯುತ್ತಾರೆ. ಹೆಂಡತಿ ಚೆನ್ನೈನಲ್ಲಿ ಒಂದು ಪಟ್ಟಿ, ತಂದೆ ಊರಿನಲ್ಲಿ ಇನ್ನೊಂದು ಪಟ್ಟಿ ಮಾಡಿಸಿಕೊಂಡು ಬಂದು, ಒಂದರಲ್ಲಿ ತಾಯಿಯ ಹೆಸರು ಬಿಟ್ಟುಹೋಗಿದ್ದರೆ, ಇನ್ನೊಂದರಲ್ಲಿ ಅಣ್ಣ–ತಮ್ಮಂದಿರೂ ಸೇರಿದ್ದರೆ, ಎರಡನ್ನೂ ನೋಡಿದ ಅಧಿಕಾರಿ ಹಣ ತಡೆಹಿಡಿಯದೆ ಇನ್ನೇನು ಮಾಡಿಯಾರು?

ಈ ಎರಡೂ ಕಾಗದ ಯಾರು ಯಾರು ಇದ್ದಾರೆ ಎಂದು ಮಾತ್ರ ಹೇಳುತ್ತವೆ. ಯಾರಿಗೆ ಎಷ್ಟು ಪಾಲು ಎಂದು ತೀರ್ಮಾನಿಸುವುದಿಲ್ಲ. ತಕರಾರು ಇದ್ದರೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು. ಸತ್ತವರು ಸಾಮಾನ್ಯವಾಗಿ ಎಲ್ಲಿ ವಾಸವಿದ್ದರೋ ಆ ಊರಿನ ನ್ಯಾಯಾಲಯಕ್ಕೆ ಅದರ ಅಧಿಕಾರ. ಅಂದರೆ ಹಾಸನದ ತಾಯಿ ಚೆನ್ನೈಗೆ ಬಂದು, ಗೊತ್ತಿಲ್ಲದ ಭಾಷೆಯ ಊರಿನಲ್ಲಿ ವಕೀಲರನ್ನು ಹಿಡಿಯಬೇಕು. ತಕರಾರು ಇರುವವರು ಹಣ ಬಿಡುಗಡೆಗೆ ಮುಂಚೆಯೇ ಕಚೇರಿಗೆ ಲಿಖಿತ ಆಕ್ಷೇಪಣೆ ಕೊಟ್ಟು, ಅಗತ್ಯವಿದ್ದರೆ ತಡೆಯಾಜ್ಞೆ ತರುವುದು ಮೇಲು. ಹಣ ಒಮ್ಮೆ ನಾಮಿನಿಯ ಕೈ ಸೇರಿದರೆ ದಾವೆ ಹೂಡಬೇಕಾದದ್ದು ಕಚೇರಿಯ ಮೇಲಲ್ಲ, ಸ್ವಂತ ಸಂಬಂಧಿಕರ ಮೇಲೆ.

ಮೇಲಿನ ನಾಲ್ಕು ಪಾಲಿನ ಲೆಕ್ಕ ಹಿಂದೂ ಕುಟುಂಬದ್ದು. ಕ್ರೈಸ್ತರಾದರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ಮಕ್ಕಳಿರುವಾಗ ತಾಯಿಗೆ ಪಾಲಿಲ್ಲ. ಮುಸ್ಲಿಂ ಕುಟುಂಬದಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. ನಾಮಿನಿ ಫಾರ್ಮ್ ಎಲ್ಲರಿಗೂ ಒಂದೇ, ವಾರಸಿಕೆ ಒಂದೇ ಅಲ್ಲ.

ದುಡಿಯುವ ಹೆಣ್ಣುಮಕ್ಕಳು ಗಮನಿಸಬೇಕಾದದ್ದು

ಹಿಂದೂ ಮಹಿಳೆ ಉಯಿಲು ಬರೆಯದೆ ತೀರಿಕೊಂಡರೆ ಆಕೆಯ ಸ್ವಂತ ದುಡಿಮೆಯ ಹಣ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಆಕೆಯ ಸ್ವಂತ ತಂದೆ–ತಾಯಿಯ ಸರದಿ ಅದಾದ ಮೇಲೆ. 2009ರಲ್ಲಿ ಸುಪ್ರೀಂ ಕೋರ್ಟ್ ಓಂಪ್ರಕಾಶ್ ಪ್ರಕರಣದಲ್ಲಿ ತೀರ್ಮಾನಿಸಿದ್ದು ಇದನ್ನೇ. ಮದುವೆಯಾಗಿ ಮೂರೇ ತಿಂಗಳಲ್ಲಿ ಆ ಹೆಣ್ಣುಮಗಳ ಗಂಡ ಹಾವು ಕಚ್ಚಿ ತೀರಿಕೊಂಡ. ಗಂಡನ ಮನೆಯವರು ಹೊರಹಾಕಿದರು, ತವರಿನವರು ಓದಿಸಿದರು, ಆಕೆ ನೌಕರಿ ಹಿಡಿದರು. 1996ರಲ್ಲಿ ತೀರಿಕೊಂಡಾಗ ಬ್ಯಾಂಕಿನಲ್ಲೂ ಭವಿಷ್ಯನಿಧಿಯಲ್ಲೂ ಹಣವಿತ್ತು, ಉಯಿಲು ಇರಲಿಲ್ಲ. ತಾಯಿ ಹಕ್ಕು ಕೇಳಿದರು, ಗಂಡನ ಸೋದರಿಯ ಮಕ್ಕಳೂ ಕೇಳಿದರು. ಕಾನೂನಿನ ಅಕ್ಷರ ಗಂಡನ ಕಡೆಯವರ ಪರವಾಗಿತ್ತು. ಹಣ ಅವರಿಗೇ ಹೋಯಿತು. ಒಂದು ಹಾಳೆಯ ಉಯಿಲು ಇದ್ದಿದ್ದರೆ ಅದು ತಾಯಿಗೆ ಸೇರುತ್ತಿತ್ತು.

ಈಗ ಮಾಡಬೇಕಾದ್ದು

ಇಪಿಎಫ್ ಸದಸ್ಯರ ಪೋರ್ಟಲ್‌ಗೆ ಯುಎಎನ್ ಸಂಖ್ಯೆಯಿಂದ ಲಾಗಿನ್ ಆಗಿ `Manage` ಅಡಿಯಲ್ಲಿ `E-Nomination` ತೆರೆದು ನೋಡಿ. ಮದುವೆಯ ನಂತರದ ನಾಮಿನೇಷನ್ ಅಲ್ಲಿದೆಯೇ, ಅದಕ್ಕೆ ಆಧಾರ್ ಮೂಲಕ ಇ–ಸಹಿ ಆಗಿದೆಯೇ ಎಂಬುದೇ ಮುಖ್ಯ. ಹೆಸರು ತುಂಬಿ ಇ–ಸಹಿ ಮಾಡದೆ ಬಿಟ್ಟರೆ ಕೆಲಸ ಮುಗಿದಿಲ್ಲ. ಕುಟುಂಬ ಇರುವವರು ಅಣ್ಣ, ತಮ್ಮ, ತಂಗಿಯನ್ನು ಇಪಿಎಫ್ ನಾಮಿನಿ ಮಾಡಿದರೆ ಅದು ಊರ್ಜಿತವಲ್ಲ. ನಿಮ್ಮ ಕಂಪನಿ ಸ್ವಂತ ಪಿಎಫ್ ಟ್ರಸ್ಟ್ ನಡೆಸುತ್ತಿದ್ದರೆ ನಾಮಿನೇಷನ್ ಟ್ರಸ್ಟ್‌ನ ಬಳಿ ಇರುತ್ತದೆ, ಅಲ್ಲಿಯೇ ಕೇಳಿ.

ಗ್ರಾಚ್ಯುಟಿ ಫಾರ್ಮ್ ಕಂಪನಿಯ ಕಡತದಲ್ಲಿ ಇರುತ್ತದೆ, ಪೋರ್ಟಲ್‌ನಲ್ಲಿ ಕಾಣುವುದಿಲ್ಲ. ಕೆಲಸ ಬದಲಿಸಿದಾಗಲೆಲ್ಲ ಅದನ್ನು ಹೊಸದಾಗಿ ಬರೆದುಕೊಡಬೇಕು. ಎಚ್‌ಆರ್ ವಿಭಾಗಕ್ಕೆ ಬರೆದು ಪ್ರತಿ ತರಿಸಿಕೊಳ್ಳಿ. ಪಿಪಿಎಫ್‌ಗೆ ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ, ಎನ್‌ಪಿಎಸ್‌ಗೆ ಅದರ ಖಾತೆಯಲ್ಲಿ ನೋಡಿ. ಎಲ್ಲ ಕಡೆ ಮದುವೆಯ ನಂತರದ ದಿನಾಂಕ ಇರಲಿ.

ತಾಯಿಗೆ ಇಷ್ಟು, ಹೆಂಡತಿಗೆ ಇಷ್ಟು, ಮಕ್ಕಳಿಗೆ ಇಷ್ಟು ಎಂಬ ಇಚ್ಛೆ ಮನಸ್ಸಿನಲ್ಲಿದ್ದರೆ ಎರಡು ಕೆಲಸ ಬೇಕು. ನಾಮಿನೇಷನ್‌ನಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಶೇಕಡಾವಾರು ಪಾಲಿನೊಂದಿಗೆ ಬರೆಯಲು ಅವಕಾಶವಿದೆ, ಹಾಗೆ ಬರೆಯಿರಿ. ಅದೇ ಪಾಲುಗಳನ್ನು ಇಬ್ಬರು ಸಾಕ್ಷಿಗಳು ಸಹಿ ಹಾಕಿದ ಉಯಿಲಿನಲ್ಲೂ ಬರೆಯಿರಿ. ಸಾಕ್ಷಿಗಳು ಉಯಿಲಿನಿಂದ ಲಾಭ ಪಡೆಯುವವರಾಗಿರಬಾರದು. ನಾಮಿನೇಷನ್ ಹಣವನ್ನು ಬೇಗ ಬಿಡಿಸುತ್ತದೆ, ಉಯಿಲು ಅದರ ಒಡೆತನ ಹೇಳುತ್ತದೆ. ಎರಡರಲ್ಲೂ ಒಂದೇ ಹೆಸರು, ಒಂದೇ ಪಾಲು ಇದ್ದರೆ ಕಚೇರಿಗೂ ಕೋರ್ಟಿಗೂ ಭಿನ್ನವಾಗಿ ಓದಲು ಏನೂ ಉಳಿಯುವುದಿಲ್ಲ.

ಬರೆದದ್ದನ್ನು ತಾಯಿಗೂ ಹೆಂಡತಿಗೂ ಹೇಳಿ. ನನ್ನ ಮೇಜಿನ ಮುಂದೆ ಕುಳಿತ ಎಷ್ಟೋ ಮಂದಿಗೆ ನೋವಾದದ್ದು ಪಾಲು ಕಡಿಮೆ ಆಯಿತೆಂದಲ್ಲ. ಸತ್ತವನು ತಮ್ಮನ್ನು ಬಿಟ್ಟ ಎಂದುಕೊಂಡದ್ದಕ್ಕೆ. ಅವನು ಯಾರನ್ನೂ ಬಿಟ್ಟಿರಲಿಲ್ಲ, ಮದುವೆಯಾದ ಮೇಲೆ ಒಂದು ಕಾಲಂ ತಿದ್ದಿರಲಿಲ್ಲ, ಅಷ್ಟೆ.